‘30 ದಿನದೊಳಗೆ ಇತ್ಯರ್ಥ’ ಅಂತ ಬರೆದರೆ ಸಾಕಾ?

ಓದುಗರ ಪ್ರಶ್ನೆ: ನಮ್ಮ ಸಂಸ್ಥೆಯಲ್ಲಿ ಸುಮಾರು 120 ಜನ ಇದ್ದೇವೆ. ಉದ್ಯೋಗಿಗಳ ಕುಂದುಕೊರತೆ ಸಮಿತಿ ಮಾಡಬೇಕೆಂದು ತೀರ್ಮಾನವಾಗಿದೆ. ಅದರ ಕಾರ್ಯವ್ಯಾಪ್ತಿಯ ಕರಡು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ‘ದೂರುಗಳನ್ನು 30 ದಿನದೊಳಗೆ ಇತ್ಯರ್ಥ ಮಾಡಲಾಗುವುದು, ಎಲ್ಲವನ್ನೂ ಸಂಪೂರ್ಣ ಗೋಪ್ಯವಾಗಿ ಇಡಲಾಗುವುದು’ ಎಂದು ಬರೆದಿದ್ದೇನೆ. ಇಷ್ಟು ಸಾಕಲ್ವಾ?

ಉತ್ತರ: ಸಾಲದು. ಮೊದಲ ದೂರು ಬಂದ ದಿನವೇ ಈ ಎರಡೂ ಸಾಲು ಕೈಕೊಡುತ್ತವೆ. ಯಾಕೆ ಅನ್ನುವುದನ್ನು ಒಂದು ಉದಾಹರಣೆ ಇಟ್ಟುಕೊಂಡೇ ನೋಡೋಣ.

ಉಗ್ರಾಣ ವಿಭಾಗದಲ್ಲಿ ಒಂದೇ ದರ್ಜೆಯ ಐದು ಜನ ಇದ್ದಾರೆ ಅಂದುಕೊಳ್ಳಿ. ಮೂರು ತಿಂಗಳಲ್ಲಿ ನಾಲ್ವರಿಗೆ ತಲಾ 9ರಿಂದ 12 ನೈಟ್ ಶಿಫ್ಟ್ ಬಂದಿದೆ. ಐದನೆಯವರಿಗೆ 24. ಮೇಲ್ವಿಚಾರಕರು ಬೇಕೆಂದೇ ಹೀಗೆ ಮಾಡುತ್ತಿದ್ದಾರೆ ಎಂದು ಆಕೆ ದೂರು ಕೊಡುತ್ತಾರೆ.

ಈಗ ನಿಮ್ಮ ‘30 ದಿನ’ ಯಾವತ್ತಿನಿಂದ ಶುರು? ಆಕೆ ಪತ್ರ ಕೊಟ್ಟ ದಿನದಿಂದಲಾ, ಸಮಿತಿ ಮೊದಲ ಸಲ ಸೇರಿದ ದಿನದಿಂದಲಾ? ಸಮಿತಿ ಸೇರುವುದೇ ತಿಂಗಳಿಗೊಮ್ಮೆ ಆದರೆ ಆ ತಿಂಗಳು ಸುಮ್ನೆ ಹೋಯಿತು. ಭಾನುವಾರ, ರಜೆ ಎಲ್ಲ ಲೆಕ್ಕಕ್ಕೆ ಬರುತ್ತವಾ? ‘ಇತ್ಯರ್ಥ’ ಅಂದರೆ ಸಮಿತಿ ವರದಿ ಕೊಡುವುದಾ, ಶಿಫ್ಟ್ ಚಾರ್ಟ್ ನಿಜವಾಗಿ ಬದಲಾಗುವುದಾ? ಕರಡಿನಲ್ಲಿ ಇದಕ್ಕೆಲ್ಲ ಉತ್ತರ ಇಲ್ಲದಿದ್ದರೆ, ಪ್ರತಿಯೊಬ್ಬರೂ ತಮಗೆ ಬೇಕಾದ ಹಾಗೆ ಎಣಿಸುತ್ತಾರೆ.

ಅದಕ್ಕೆ ಗಡುವನ್ನು ಒಂದೇ ಗುಡ್ಡೆಯಾಗಿ ಇಡಬೇಡಿ, ಹಂತ ಹಂತವಾಗಿ ಒಡೆಯಿರಿ. ಎಲ್ಲವನ್ನೂ ಕೆಲಸದ ದಿನಗಳಲ್ಲಿ ಎಣಿಸಿ. ಪತ್ರ ಸಮಿತಿ ಕಾರ್ಯದರ್ಶಿಯ ಕೈಸೇರಿದ ದಿನವೇ ಸೊನ್ನೆ. 2ನೇ ದಿನದೊಳಗೆ ದಿನಾಂಕ ಹಾಕಿದ ಸ್ವೀಕೃತಿ ಆಕೆಗೆ ಸಿಗಬೇಕು. ಈ ದೂರು ತನ್ನ ವ್ಯಾಪ್ತಿಗೆ ಬರುತ್ತದಾ ಎಂದು ಸಮಿತಿ 5ನೇ ದಿನದೊಳಗೆ ಹೇಳಿ, ಅಂದೇ ಮೇಲ್ವಿಚಾರಕರಿಗೆ ದೂರಿನ ಪ್ರತಿ ಕಳಿಸಬೇಕು. ಅವರು 12ನೇ ದಿನದೊಳಗೆ ಲಿಖಿತ ಉತ್ತರ ಕೊಡಬೇಕು. 20ರೊಳಗೆ ಇಬ್ಬರ ವಿಚಾರಣೆ, 30ರೊಳಗೆ ವರದಿ, 40ರೊಳಗೆ ಆಡಳಿತದ ಲಿಖಿತ ತೀರ್ಮಾನ. ಒಪ್ಪಿಗೆಯಾಗದಿದ್ದರೆ ತೀರ್ಮಾನ ಕೈಸೇರಿದ 10 ದಿನದೊಳಗೆ ಮೇಲ್ಮನವಿ. ಈ ಅಂಕಿಗಳು ನನ್ನ ಸಲಹೆ ಅಷ್ಟೇ. ನಿಮ್ಮ ದೇಶದ ಕಾನೂನು ಬೇರೆ ಗಡುವು ಹೇಳಿದ್ದರೆ ಅದೇ ಅಂತಿಮ.

ಇನ್ನೊಂದು ಸಾಲು ಖಂಡಿತ ಸೇರಿಸಿ. ಗಡುವು ದಾಟಿದರೆ ಏನಾಗುತ್ತದೆ? ನಾನು ನೋಡಿದ ಎಷ್ಟೋ ಕರಡುಗಳಲ್ಲಿ ಈ ಸಾಲೇ ಇರುವುದಿಲ್ಲ. ಮೇಲ್ವಿಚಾರಕರು 12ನೇ ದಿನಕ್ಕೂ ಉತ್ತರ ಕೊಡಲಿಲ್ಲ ಅಂದರೆ ಸಮಿತಿ ಕಾಯುತ್ತಾ ಕೂರಬಾರದು, ಕೈಯಲ್ಲಿರುವ ದಾಖಲೆ ಹಿಡಿದು ಮುಂದೆ ಹೋಗಬೇಕು. ಸಮಿತಿಯೇ 30 ದಿನ ದಾಟಿಸಿದರೆ ದೂರು ತಾನಾಗಿಯೇ ಮೇಲ್ಮನವಿ ಹಂತಕ್ಕೆ ಏರಬೇಕು. ಸಾಕ್ಷಿಯೊಬ್ಬರು ಆಸ್ಪತ್ರೆಯಲ್ಲಿದ್ದಾರೆ ಅನ್ನುವಂಥ ಕಾರಣಕ್ಕೆ ಒಮ್ಮೆ ಮಾತ್ರ 10 ದಿನ ವಿಸ್ತರಿಸಬಹುದು, ಅದೂ ಕಾರಣ ಬರೆದು, ಇಬ್ಬರಿಗೂ ತಿಳಿಸಿ.

ದೂರು ಕೊಡುವವರಿಗೂ ಒಂದು ಗಡುವು ಬೇಕು. ಘಟನೆಯಾಗಿ 90 ದಿನದೊಳಗೆ ಎಂದು ಇಟ್ಟುಕೊಳ್ಳಿ. ಇದಕ್ಕೆ ಮಾತ್ರ ಕ್ಯಾಲೆಂಡರ್ ದಿನವೇ ಸುಲಭ. ಆದರೆ ಆಕೆಯ ತೊಂದರೆ ಒಂದು ದಿನದ್ದಲ್ಲ, ತಿಂಗಳುಗಟ್ಟಲೆ ನಡೆದದ್ದು. ಮೊದಲ ನೈಟ್ ಶಿಫ್ಟ್‌ನಿಂದ ಎಣಿಸಿದರೆ ದೂರು ತಡವಾಯಿತು ಎಂದು ಬಾಗಿಲು ಹಾಕಬಹುದು. ಹಾಗಾಗಿ ‘ಮುಂದುವರಿಯುವ ತೊಂದರೆಯಾದರೆ ಕೊನೆಯ ಘಟನೆಯಿಂದ’ ಎಂದು ಬರೆಯಿರಿ.

ಇನ್ನು ಗೋಪ್ಯತೆ. ‘ಸಂಪೂರ್ಣ ಗೋಪ್ಯ’ ಅನ್ನುವುದು ಉಳಿಸಿಕೊಳ್ಳಲಾಗದ ಮಾತು. ಮೇಲ್ವಿಚಾರಕರಿಗೆ ಆಕೆಯ ಹೆಸರು ಮುಚ್ಚಿಟ್ಟು ದೂರು ಕಳಿಸಿ ನೋಡಿ. ‘24 ನೈಟ್ ಶಿಫ್ಟ್’ ಅನ್ನುವುದನ್ನು ಓದಿದ ತಕ್ಷಣ ಯಾರೆಂದು ಗೊತ್ತಾಗುತ್ತದೆ, ಯಾಕೆಂದರೆ ಚಾರ್ಟ್ ಮಾಡಿದವರೇ ಅವರು. ಅದನ್ನೂ ಅಳಿಸಿದರೆ ತಮ್ಮ ಮೇಲಿನ ಆರೋಪ ಏನೆಂದೇ ಅವರಿಗೆ ತಿಳಿಯುವುದಿಲ್ಲ, ಉತ್ತರ ಕೊಡುವುದಾದರೂ ಹೇಗೆ? ಆಮೇಲೆ ಆಕೆ ‘ಗೋಪ್ಯ ಅಂದಿದ್ರಲ್ಲ’ ಎಂದು ಕೇಳಿದಾಗ ಸಮಿತಿಯ ಮೇಲಿನ ನಂಬಿಕೆ ಅಲ್ಲಿಗೇ ಮುರಿಯುತ್ತದೆ.

ಅದರ ಬದಲು ಯಾರಿಗೆ ಏನು ಗೊತ್ತಾಗುತ್ತದೆ ಎಂದು ನೇರವಾಗಿ ಬರೆದುಬಿಡಿ. ಸಮಿತಿ ಸದಸ್ಯರು ಎಲ್ಲ ಕಾಗದ ನೋಡುತ್ತಾರೆ. ಎದುರು ಪಕ್ಷದವರಿಗೆ ದೂರು ಮತ್ತು ಅದಕ್ಕೆ ಆಧಾರವಾದ ದಾಖಲೆ ಸಿಗುತ್ತದೆ. ಸಾಕ್ಷಿಗಳಿಗೆ ಅವರನ್ನು ಕೇಳುವ ವಿಷಯ ಮಾತ್ರ. ಪೂರ್ತಿ ವರದಿ ತೀರ್ಮಾನ ಮಾಡುವ ಅಧಿಕಾರಿಗೆ. ಇಬ್ಬರು ಪಕ್ಷದವರಿಗೂ ತೀರ್ಮಾನ ಮತ್ತು ಅದರ ಕಾರಣ. ದೂರು ದಾಖಲಿಸುವ ಮೊದಲೇ ಕಾರ್ಯದರ್ಶಿ ಇದನ್ನು ಆಕೆಗೆ ಓದಿ ಹೇಳಬೇಕು. ಆಗ ಮುಂದುವರಿಯಬೇಕೋ ಬೇಡವೋ ಎಂದು ಆಕೆಯೇ ತಿಳಿದು ತೀರ್ಮಾನಿಸಬಹುದು. ತನ್ನ ತೊಂದರೆ ಬಗ್ಗೆ ಸಂಘದ ಪ್ರತಿನಿಧಿ, ವೈದ್ಯರು ಅಥವಾ ವಕೀಲರ ಹತ್ತಿರ ಮಾತಾಡುವುದನ್ನು ಗೋಪ್ಯತೆಯ ಹೆಸರಲ್ಲಿ ತಡೆಯಬೇಡಿ. ಆ ಷರತ್ತು ಬಾಯಿ ಮುಚ್ಚಿಸುವುದಕ್ಕೆ ಇರುವುದಲ್ಲ.

ಹೆಸರು ಗೊತ್ತಾಗುವುದು ಖಚಿತ ಅಂದಮೇಲೆ ರಕ್ಷಣೆಯೂ ಬೇಕು. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರ ತನ್ನ 130ನೇ ಶಿಫಾರಸಿನಲ್ಲೇ ಇದನ್ನು ಹೇಳಿದೆ: ಕುಂದುಕೊರತೆ ಹೇಳಿಕೊಂಡಿದ್ದಕ್ಕೆ ಕೆಲಸಗಾರರಿಗೆ ಯಾವ ತೊಂದರೆಯೂ ಆಗಬಾರದು. ನಿಮ್ಮ ಕರಡಿನಲ್ಲಿ ಇದನ್ನು ಕೈಗೆ ಸಿಗುವ ಹಾಗೆ ಬರೆಯಿರಿ. ದೂರು ಬಾಕಿ ಇರುವಾಗ ಮತ್ತು ಆಮೇಲಿನ ಆರು ತಿಂಗಳು ಆಕೆಯ ಪಾಳಿ, ಜಾಗ ಅಥವಾ ಮೌಲ್ಯಮಾಪನ ಬದಲಿಸುವ ಯಾವುದೇ ಆದೇಶಕ್ಕೆ ಮೇಲ್ವಿಚಾರಕರಲ್ಲದೆ ಇನ್ನೊಬ್ಬ ಅಧಿಕಾರಿಯ ಸಹಿ ಬೇಕು, ಪ್ರತಿ ಸಮಿತಿಗೆ ಬರಬೇಕು.

ಸದಸ್ಯತ್ವದ ಲೆಕ್ಕ ಸರಳ. 120 ಜನರ ಸಂಸ್ಥೆಗೆ ಐವರು ಸಾಕು: ಆಡಳಿತದಿಂದ ಇಬ್ಬರು, ನೌಕರರೇ ಆರಿಸಿದ ಇಬ್ಬರು, ಎರಡೂ ಬಣ ಒಪ್ಪಿದ ಒಬ್ಬ ಅಧ್ಯಕ್ಷರು. ಕಾರ್ಯದರ್ಶಿಗೆ ಮತ ಬೇಡ. ಕೋರಂ ಮೂವರು, ಆದರೆ ನೌಕರರ ಪ್ರತಿನಿಧಿ ಒಬ್ಬರಾದರೂ ಇರಲೇಬೇಕು. ಎರಡೂ ಕಡೆಗೆ ಒಬ್ಬೊಬ್ಬ ಬದಲಿ ಸದಸ್ಯರನ್ನು ಈಗಲೇ ಹೆಸರಿಸಿ. ಯಾಕೆಂದರೆ ಉಗ್ರಾಣದ ಮ್ಯಾನೇಜರೇ ಸಮಿತಿಯಲ್ಲಿದ್ದರೆ ಈ ದೂರಿನ ಮಟ್ಟಿಗೆ ಅವರು ಎದ್ದುಹೋಗಬೇಕಾಗುತ್ತದೆ, ಶಿಫ್ಟ್ ಚಾರ್ಟ್‌ಗೆ ಸಹಿ ಹಾಕಿದವರು ಅವರೇ ಅಲ್ವಾ? ಆಗ ಬದಲಿ ಯಾರೆಂದು ಹುಡುಕಲು ಹೊರಟರೆ ಹತ್ತು ದಿನ ಹೋಗುತ್ತದೆ.

ಕೊನೆಗೆ ಅಧಿಕಾರ. ಸಮಿತಿ ಸಾಮಾನ್ಯವಾಗಿ ಶಿಫಾರಸು ಮಾಡುತ್ತದೆ, ಆದೇಶ ಕೊಡುವುದು ಆಡಳಿತ. ಹಾಗಿದ್ದರೆ ಶಿಫಾರಸು ಒಪ್ಪದಿದ್ದಾಗ ಆಡಳಿತ ಕಾರಣ ಬರೆದು ಕೊಡಬೇಕು ಎಂಬ ಷರತ್ತು ಹಾಕಿ. ಶಿಫ್ಟ್ ಚಾರ್ಟ್, ಹಾಜರಿ ಪುಸ್ತಕದಂಥ ದಾಖಲೆ ಕೇಳಿ ಪಡೆಯುವ ಹಕ್ಕು ಸಮಿತಿಗೆ ಸ್ಪಷ್ಟವಾಗಿ ಇರಲಿ, ಇಲ್ಲದಿದ್ದರೆ 24 ಅನ್ನುವ ಅಂಕಿ ನಿಜವಾ ಎಂದು ನೋಡಲೂ ಆಗುವುದಿಲ್ಲ. ಲೈಂಗಿಕ ಕಿರುಕುಳದಂಥ ದೂರಿಗೆ ಬೇರೆ ವ್ಯವಸ್ಥೆ ಇದ್ದರೆ ‘ನಮ್ಮದಲ್ಲ’ ಎಂದು ವಾಪಸ್ ಕಳಿಸಬೇಡಿ. ಒಂದು ದಿನದೊಳಗೆ ಸಂಬಂಧಪಟ್ಟವರಿಗೆ ತಲುಪಿಸಿ, ತಲುಪಿಸಿದ್ದನ್ನು ದೂರುದಾರರಿಗೆ ಬರೆದು ತಿಳಿಸಿ.

ಕರಡು ಮುಗಿದ ಮೇಲೆ ಈ ನೈಟ್ ಶಿಫ್ಟ್ ದೂರನ್ನೇ ಕೈಯಲ್ಲಿ ಹಿಡಿದು ಸೊನ್ನೆಯಿಂದ 50ನೇ ದಿನದವರೆಗೆ ಒಮ್ಮೆ ನಡೆಸಿ ನೋಡಿ. ‘ಈಗ ಯಾರು ಏನು ಮಾಡಬೇಕು?’ ಅನ್ನುವ ಪ್ರಶ್ನೆಗೆ ಎಲ್ಲಿ ಉತ್ತರ ಸಿಗುವುದಿಲ್ಲವೋ ಅಲ್ಲಿ ಒಂದು ಸಾಲು ಬಾಕಿ ಇದೆ.