ಏಟು ತಿಂದವನೇ ಸಾಕ್ಷಿಯಾದಾಗ: ಪರಿಹಾರ, ಮಾಹಿತಿ, ರಕ್ಷಣೆ

ಕಲಮು ಬಾಯಿಪಾಠ ಮಾಡುವ ಬದಲು ಒಂದು ಕಲ್ಪಿತ ಪ್ರಕರಣ ಇಟ್ಟುಕೊಂಡು ಹೋಗೋಣ. ರಾಣೆಬೆನ್ನೂರು ತಾಲೂಕಿನ ಒಂದು ಹಳ್ಳಿ. ಬದುವಿನ ಜಗಳದಲ್ಲಿ ಪಕ್ಕದ ಹೊಲದವನು ಕುಡಗೋಲು ಬೀಸಿದ, ಈತನ ಬಲಗೈಯ ಎರಡು ಬೆರಳು ಹೋದವು. ಹಾವೇರಿ ಜಿಲ್ಲಾಸ್ಪತ್ರೆಯಿಂದ ಹುಬ್ಬಳ್ಳಿಯ ಕಿಮ್ಸ್‌ಗೆ ಕಳಿಸಿದರು. ಮಾರ್ಚ್ 3ಕ್ಕೆ ಎಫ್‌ಐಆರ್ ಆಯಿತು. ಭಾರತೀಯ ನ್ಯಾಯ ಸಂಹಿತೆಯ 109 ಮತ್ತು 118(2), ಅಂದರೆ ಕೊಲೆ ಯತ್ನ ಮತ್ತು ಅಪಾಯಕಾರಿ ಆಯುಧದಿಂದ ತೀವ್ರ ಗಾಯದ ಕಲಮು ಹಾಕಿದರು. ಆರೋಪಿ ಜಾಮೀನಿನ ಮೇಲೆ ಊರಿಗೆ ಬಂದಿದ್ದಾನೆ. ಘಟನೆ ಕಂಡ ಮುಖ್ಯ ಸಾಕ್ಷಿ ಗಾಯಾಳುವೇ.

ಮೊದಲು ಮಾಹಿತಿ. ಎಫ್‌ಐಆರ್ ಪ್ರತಿ ಫಿರ್ಯಾದಿಗೆ ಅಥವಾ ಸಂತ್ರಸ್ತನಿಗೆ ಉಚಿತ. ಇದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(2). ತನಿಖೆ ಎಲ್ಲಿಗೆ ಬಂತು ಎಂಬುದನ್ನು 90 ದಿನದೊಳಗೆ ಪೊಲೀಸರೇ ತಿಳಿಸಬೇಕು, ಇದು 193(3). ಎಫ್‌ಐಆರ್ ದಿನದಿಂದ ಎಣಿಸಿದರೆ ನಮ್ಮ ಪ್ರಕರಣದಲ್ಲಿ ಅದು ಜೂನ್ 1ಕ್ಕೆ ಮುಗಿಯುತ್ತದೆ. ಮೊಬೈಲ್ ಸಂದೇಶದಲ್ಲಿ ತಿಳಿಸಿದರೂ ಆಯಿತು ಎಂದು ಕಾನೂನು ಹೇಳುತ್ತದೆ, ತೊಡಕು ಇರುವುದೂ ಅಲ್ಲಿಯೇ. ಗಾಯಾಳು ಆಸ್ಪತ್ರೆಯಲ್ಲಿದ್ದಾಗ ಫಿರ್ಯಾದಿ ಕೊಟ್ಟವರು ಅಳಿಯನೋ ತಮ್ಮನೋ ಆಗಿರುತ್ತಾರೆ, ಎಫ್‌ಐಆರ್‌ನಲ್ಲಿ ಅವರ ನಂಬರೇ ಇರುತ್ತದೆ. ಆದ್ದರಿಂದ ಡಿಸ್ಚಾರ್ಜ್ ಆದ ವಾರದಲ್ಲೇ ಸಂತ್ರಸ್ತನ ಸ್ವಂತ ನಂಬರ್ ಮತ್ತು ವಿಳಾಸವನ್ನು ತನಿಖಾಧಿಕಾರಿಗೆ ಬರಹದಲ್ಲಿ ಕೊಟ್ಟು, ಸ್ವೀಕೃತಿ ಹಾಕಿಸಿಕೊಳ್ಳುವುದು ಒಳ್ಳೆಯದು.

ಚಾರ್ಜ್‌ಶೀಟ್ ಪ್ರತಿಯ ಮಾತು ಬೇರೆ. ಆರೋಪಿ ಹಾಜರಾದ 14 ದಿನದೊಳಗೆ ಸಂತ್ರಸ್ತನಿಗೂ ಪ್ರತಿ ಕೊಡಬೇಕು ಎಂದು 230ನೇ ಕಲಮು ಹೇಳುತ್ತದೆ, ಆದರೆ ಆತನ ಪರ ವಕೀಲರಿದ್ದರೆ ಮಾತ್ರ. ಈ ಷರತ್ತು ಬಹಳ ಜನರ ಕಣ್ಣಿಗೆ ಬೀಳುವುದಿಲ್ಲ. ‘ಸರ್ಕಾರಿ ವಕೀಲರು ಇದ್ದಾರಲ್ಲ’ ಎಂದು ಸುಮ್ಮನಿದ್ದರೆ ಪ್ರತಿ ಬರುವುದಿಲ್ಲ. ವಕೀಲರನ್ನು ಇಟ್ಟುಕೊಳ್ಳುವ ಶಕ್ತಿ ಇಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು, ಸಹಾಯವಾಣಿ 15100. ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯದ ಮಿತಿ ಇಲ್ಲ.

ಇನ್ನು ಪರಿಹಾರ. ‘ಶಿಕ್ಷೆ ಆದ ಮೇಲಲ್ಲವೇ ದುಡ್ಡು’ ಎಂಬ ತಪ್ಪು ತಿಳಿವಳಿಕೆ ಎಷ್ಟು ಗಟ್ಟಿಯೆಂದರೆ, ಎಷ್ಟೋ ಅರ್ಜಿಗಳು ಹುಟ್ಟುವುದೇ ಇಲ್ಲ. ನಿಜಕ್ಕೆ ಇಲ್ಲಿ ಎರಡು ಚೀಲಗಳಿವೆ. ಒಂದು ಅಪರಾಧಿಯದು: 395ರಡಿ ದಂಡದ ಹಣದಿಂದ, ದಂಡ ಇಲ್ಲದಿದ್ದರೆ ಪ್ರತ್ಯೇಕ ಆದೇಶದಿಂದ. ಇದಕ್ಕೆ ಶಿಕ್ಷೆ ಆಗಲೇಬೇಕು. ದಂಡದ ಹಣವಂತೂ ಮೇಲ್ಮನವಿಯ ಅವಧಿ ಮುಗಿಯುವವರೆಗೆ, ಮೇಲ್ಮನವಿ ಹೋದರೆ ಅದು ತೀರ್ಮಾನವಾಗುವವರೆಗೆ ಕೈಗೆ ಬರುವುದಿಲ್ಲ. ಇನ್ನೊಂದು ಸರ್ಕಾರದ್ದು: 396ನೇ ಕಲಮು ಮತ್ತು ನಮ್ಮ ರಾಜ್ಯದ 2011ರ ಸಂತ್ರಸ್ತರ ಪರಿಹಾರ ಯೋಜನೆ. ಇದಕ್ಕೆ ಶಿಕ್ಷೆಯ ಹಂಗಿಲ್ಲ.

ಸರ್ಕಾರದ ಚೀಲಕ್ಕೆ ಯಾವ ಬಾಗಿಲಿನಿಂದ ಹೋಗಬೇಕು ಎನ್ನುವುದು ಆರೋಪಿ ಸಿಕ್ಕಿದ್ದಾನೋ ಇಲ್ಲವೋ ಎಂಬುದರ ಮೇಲೆ ನಿಂತಿದೆ. ಆರೋಪಿ ಪತ್ತೆಯಾಗದೆ, ವಿಚಾರಣೆಯೂ ನಡೆಯದಿದ್ದರೆ ಸಂತ್ರಸ್ತ ಅಥವಾ ಅವಲಂಬಿತರು ನೇರ ಕಾನೂನು ಸೇವಾ ಪ್ರಾಧಿಕಾರಕ್ಕೇ ಅರ್ಜಿ ಹಾಕಬಹುದು. ನಮ್ಮಲ್ಲಿ ಇಂಥ ಪ್ರಕರಣದಲ್ಲಿ ಪೊಲೀಸರು ಸಲ್ಲಿಸುವುದು ‘ಸಿ ರಿಪೋರ್ಟ್’. ಆರೋಪಿ ಸಿಗಲಿಲ್ಲ ಎಂಬುದಕ್ಕೆ ಅದರ ಪ್ರತಿಯೇ ಆಧಾರ. ‘ಬಿ ರಿಪೋರ್ಟ್’ ಜತೆ ಇದನ್ನು ಗೊಂದಲ ಮಾಡಿಕೊಳ್ಳಬೇಡಿ. ಅದು ಪ್ರಕರಣವೇ ನಿಲ್ಲುವುದಿಲ್ಲ ಎನ್ನುವ ವರದಿ. ಅದರ ನೋಟಿಸ್ ಬಂದರೆ ಮೊದಲು ಆಕ್ಷೇಪಣೆ ಹಾಕಬೇಕು.

ನಮ್ಮ ಪ್ರಕರಣದಲ್ಲಿ ಆರೋಪಿ ಸಿಕ್ಕಿದ್ದಾನೆ, ಹಾಗಾಗಿ ನ್ಯಾಯಾಲಯದ ಶಿಫಾರಸು ಬೇಕು. ಅದಕ್ಕೆ ತೀರ್ಪಿನವರೆಗೆ ಕಾಯಬೇಕಿಲ್ಲ. ಸುರೇಶ್ ವಿರುದ್ಧ ಹರಿಯಾಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ: ತಕ್ಷಣದ ನೆರವು ಬೇಕೇ ಎಂದು ನೋಡಿ, ಬೇಕಿದ್ದರೆ ಮಧ್ಯಂತರ ಪರಿಹಾರ ಕೊಡಿಸುವುದು ನ್ಯಾಯಾಲಯದ ಕರ್ತವ್ಯ. ಶಿಫಾರಸು ಬಂದ ಮೇಲೆ ಮೊತ್ತ ಗೊತ್ತುಮಾಡುವುದು ಪ್ರಾಧಿಕಾರದ ಕೆಲಸ. ಅರ್ಜಿಗೆ ಜೀವ ಕೊಡುವುದು ಆಸ್ಪತ್ರೆಯ ಕಾಗದ. ಗಾಯದ ಸರ್ಟಿಫಿಕೇಟಿನಲ್ಲಿ ‘ತೀವ್ರ ಗಾಯ’ ಎಂದಷ್ಟೇ ಇದ್ದರೆ ಅದು ಕಲಮಿಗೆ ಸಾಕು, ಪರಿಹಾರಕ್ಕೆ ಸಾಲದು. ಕುಡಗೋಲು ಹಿಡಿದು ಬದುಕುವವನಿಗೆ ಬಲಗೈಯ ಎರಡು ಬೆರಳು ಹೋದರೆ ಏನು ಉಳಿಯಿತು ಎಂದು ಹೇಳುವುದು ಅಂಗವೈಕಲ್ಯದ ಪ್ರಮಾಣಪತ್ರ. ಅದನ್ನು, ಡಿಸ್ಚಾರ್ಜ್ ಸಾರಾಂಶ ಮತ್ತು ಔಷಧಿ ಬಿಲ್ಲುಗಳನ್ನು ಒಟ್ಟಿಗೆ ಲಗತ್ತಿಸಬೇಕು.

ಈಗ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ. ರವಿವಾರದ ಸಂತೆಯಲ್ಲಿ ಆರೋಪಿಯ ಕಡೆಯವನೊಬ್ಬ ಹತ್ತಿರ ಬಂದು, “ಯಣ್ಣಾ, ಕೋರ್ಟಿನ್ಯಾಗ ಬಾಯಿ ಬಿಟ್ಟಿ ಅಂದ್ರ ಇನ್ನೊಂದ್ ಕೈನೂ ಉಳ್ಯಂಗಿಲ್ಲ ನೋಡು” ಅಂದ. ಸುಳ್ಳು ಸಾಕ್ಷಿ ಹೇಳಿಸಲು ಬೆದರಿಸುವುದು ನ್ಯಾಯ ಸಂಹಿತೆಯ 232ರಡಿ ಬೇರೆಯೇ ಅಪರಾಧ, 7 ವರ್ಷದವರೆಗೆ ಶಿಕ್ಷೆ ಇದೆ. ಅದರ ದೂರು ಠಾಣೆಗೆ. ರಕ್ಷಣೆಯ ಅರ್ಜಿ ಮಾತ್ರ ಬೇರೆ ಕಡೆ ಹೋಗುತ್ತದೆ.

2018ರ ಸಾಕ್ಷಿ ಸಂರಕ್ಷಣಾ ಯೋಜನೆಯನ್ನು ಮಹೇಂದರ್ ಚಾವ್ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿ, ಕಾನೂನು ಬರುವವರೆಗೆ ಇದೇ ಕಾನೂನು ಎಂದಿತು. ಈಗ ಪ್ರತಿ ರಾಜ್ಯವೂ ಯೋಜನೆ ಮಾಡಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 398ನೇ ಕಲಮು ಹೇಳುತ್ತದೆ. 2018ರ ಯೋಜನೆಯಂತೆ ಜಿಲ್ಲೆಗೊಂದು ಸಮಿತಿ. ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರು, ಜಿಲ್ಲೆಯ ಪೊಲೀಸ್ ಮುಖ್ಯಸ್ಥರು ಸದಸ್ಯರು, ಜಿಲ್ಲೆಯ ಅಭಿಯೋಜನೆಯ ಮುಖ್ಯಸ್ಥರು ಸದಸ್ಯ ಕಾರ್ಯದರ್ಶಿ. ಅರ್ಜಿ ಕೊಡಬೇಕಾದದ್ದು ಈ ಕಾರ್ಯದರ್ಶಿಯ ಕೈಗೆ. ಠಾಣೆಗೆ ಕೊಟ್ಟು ‘ಅರ್ಜಿ ಹಾಕಿದ್ದೇನೆ’ ಎಂದು ಕಾಯುವುದೇ ಇಲ್ಲಿನ ದೊಡ್ಡ ಎಡವಟ್ಟು.

ಸಮಿತಿ ಆದೇಶಿಸಿದ ಮೇಲೆ ಆ ಉಪವಿಭಾಗದ ಡಿವೈಎಸ್‌ಪಿ ಬೆದರಿಕೆಯ ವಿಶ್ಲೇಷಣಾ ವರದಿಯನ್ನು 5 ಕೆಲಸದ ದಿನದೊಳಗೆ ಕೊಡಬೇಕು. ವರದಿ ಕೈಸೇರಿದ ಮೇಲೆ ಇನ್ನು 5 ಕೆಲಸದ ದಿನದಲ್ಲಿ ಅರ್ಜಿ ತೀರ್ಮಾನವಾಗಬೇಕು. ಹುಬ್ಬಳ್ಳಿ-ಧಾರವಾಡ ನಗರದಲ್ಲಾದರೆ ಕಮಿಷನರೇಟ್ ಇರುವುದರಿಂದ ವರದಿ ಎಸಿಪಿಯದು. ಕುಂದಗೋಳ, ನವಲಗುಂದದ ಕಡೆ ಎಸ್‌ಪಿಯ ಅಧೀನದ ಡಿವೈಎಸ್‌ಪಿಯದು. ತುರ್ತು ಇದ್ದರೆ ಅಷ್ಟು ದಿನವೂ ಕಾಯಬೇಕಿಲ್ಲ, ಮಧ್ಯಂತರ ರಕ್ಷಣೆ ಕೇಳಬಹುದು.

ವರದಿ ಬೆದರಿಕೆಯನ್ನು ಮೂರು ದರ್ಜೆಯಲ್ಲಿ ಒಂದಕ್ಕೆ ಹಾಕುತ್ತದೆ. ಜೀವಕ್ಕೆ ಅಪಾಯವಿದ್ದರೆ ‘ಎ’. ಸುರಕ್ಷತೆ, ಮಾನ ಅಥವಾ ಆಸ್ತಿಗೆ ಇದ್ದರೆ ‘ಬಿ’. ಸಾಧಾರಣ ಕಿರುಕುಳವಾದರೆ ‘ಸಿ’. ಅರ್ಜಿಯಲ್ಲಿ ‘ನನಗೆ ಭಯವಿದೆ’ ಎಂದು ಬರೆದರೆ ‘ಸಿ’ಗೆ ಇಳಿಯುವ ಸಂಭವ ಹೆಚ್ಚು. ಯಾವ ವಾರ, ಎಷ್ಟು ಹೊತ್ತಿಗೆ, ಯಾವ ಅಂಗಡಿ ಮುಂದೆ, ಯಾರು, ಏನು ಅಂದರು, ಜತೆಗೆ ಯಾರಿದ್ದರು ಎಂದು ಬರೆಯಬೇಕು, ಅಂದ ಮಾತನ್ನು ಅಂದ ಹಾಗೆಯೇ. ಫೋನಿನಲ್ಲಿ ಧ್ವನಿ ದಾಖಲಾಗಿದ್ದರೆ ಆ ಫೋನನ್ನು ಅಳಿಸದೆ ಇಟ್ಟುಕೊಳ್ಳಬೇಕು. ವಾಟ್ಸ್ಯಾಪ್‌ನಲ್ಲಿ ನಾಲ್ಕು ಕೈ ದಾಟಿದ ತುಣುಕು ಸಾಕ್ಷ್ಯವಾಗಲು ಕಷ್ಟಪಡುತ್ತದೆ.

ಏನು ಬೇಕು ಎನ್ನುವುದನ್ನೂ ಬಿಡಿಸಿ ಕೇಳಬೇಕು. ಈ ಪ್ರಕರಣಕ್ಕೆ ಗನ್‌ಮ್ಯಾನ್ ಕೇಳುವುದು ನನ್ನ ಮಟ್ಟಿಗೆ ಅತಿಯಾಯಿತು. ಹಳ್ಳಿಯಿಂದ ಕೋರ್ಟಿಗೆ ಹೋಗಿಬರಲು ಪೊಲೀಸ್ ಜತೆ, ಮನೆ ಕಡೆ ಬೀಟ್, ಸಾಕ್ಷಿ ಹೇಳುವ ದಿನ ಆರೋಪಿ ಎದುರುಬದುರಾಗದ ವ್ಯವಸ್ಥೆ, ಇಷ್ಟು ಸಾಕು. ಆದೇಶ ಒಂದು ಸಲಕ್ಕೆ 3 ತಿಂಗಳಿಗಿಂತ ಹೆಚ್ಚು ಇರುವುದಿಲ್ಲ. ಸಾಕ್ಷಿ ವಿಚಾರಣೆ ಮುಂದಕ್ಕೆ ಹೋಗುತ್ತಲೇ ಇರುತ್ತದೆ, ಆದೇಶ ಮುಗಿದದ್ದು ಯಾರಿಗೂ ನೆನಪಿರುವುದಿಲ್ಲ. ಹಾಗಾಗಿ ಎರಡೂವರೆ ತಿಂಗಳಿಗೇ ಮುಂದುವರಿಸಲು ಅರ್ಜಿ ಕೊಡಬೇಕು. ಇದರ ಜತೆಗೇ ಜಾಮೀನು ರದ್ದತಿಗೆ ಅರ್ಜಿ ಹಾಕುವಂತೆ ಅಭಿಯೋಜಕರನ್ನು ಕೇಳಬಹುದು. ಠಾಣೆಯಲ್ಲಿ ಕೊಟ್ಟ ಬೆದರಿಕೆಯ ದೂರು ಅಲ್ಲಿ ಉಪಯೋಗಕ್ಕೆ ಬರುತ್ತದೆ.

ಇಷ್ಟೆಲ್ಲ ಆಗಿಯೂ ಉಳಿದ ಸಾಕ್ಷಿಗಳು ಉಲ್ಟಾ ಹೊಡೆದು ಆರೋಪಿ ಖುಲಾಸೆಯಾದ ಎನ್ನಿ. 413ರ ಪರಂತುಕದಡಿ ಸಂತ್ರಸ್ತನೇ ಮೇಲ್ಮನವಿ ಹಾಕಬಹುದು. ಹಾವೇರಿಯ ಸೆಷನ್ಸ್ ತೀರ್ಪಾದರೆ ಹೈಕೋರ್ಟಿನ ಧಾರವಾಡ ಪೀಠಕ್ಕೆ. ಶಿಕ್ಷೆ ಕಡಿಮೆಯಾಯಿತು ಎಂಬ ಕಾರಣಕ್ಕೆ ಮಾತ್ರ ಈ ದಾರಿ ಇಲ್ಲ, ಪರಿಹಾರ ಕಡಿಮೆಯಾಯಿತು ಎಂಬುದಕ್ಕೆ ಇದೆ. ಖುಲಾಸೆ ತೀರ್ಪು ಹೇಳುವ ದಿನವೇ ಸಂತ್ರಸ್ತನ ವಕೀಲರು ಎದ್ದು ನಿಂತು 396(3)ರ ಶಿಫಾರಸು ಕೇಳಬಹುದು: ಆರೋಪಿ ಬಿಡುಗಡೆಯಾದರೂ ಸಂತ್ರಸ್ತನಿಗೆ ಪುನರ್ವಸತಿ ಬೇಕೆಂದು ಕಂಡರೆ ನ್ಯಾಯಾಲಯ ಪರಿಹಾರಕ್ಕೆ ಶಿಫಾರಸು ಮಾಡಬಹುದು.