ಇಪ್ಪತ್ತು ಪರ್ಸೆಂಟಿನಲ್ಲಿ ಮ್ಯಾನೇಜರ್ ಪಾಲು ಎಷ್ಟು?

ಸಿಂಧನೂರಿನಲ್ಲಿ ಅಕ್ಕಿ ಗಿರಣಿ ನಡೆಸುವವರೊಬ್ಬರು ರಾಯಚೂರಿನ ನನ್ನ ಆಫೀಸಿಗೆ ಒಂದು ಮ್ಯೂಚುವಲ್ ಫಂಡಿನ ಕಾಗದ ಹಿಡಿದು ಬಂದಿದ್ದರು. ಮೂರು ವರ್ಷ ಸರಾಸರಿ ವರ್ಷಕ್ಕೆ 20 ಪರ್ಸೆಂಟ್. ಅದೇ ಹೊತ್ತಿಗೆ ಷೇರುಪೇಟೆಯ ಇಂಡೆಕ್ಸ್ ನಿಫ್ಟಿ ಕೊಟ್ಟಿದ್ದು 13.75. "ಸರ, ಆರು ಪರ್ಸೆಂಟ್ ಜಾಸ್ತಿ ಕೊಟ್ಟಾನ್ರಿ. ಮ್ಯಾನೇಜರ್ ಭಾರೀ ಶಾಣ್ಯಾ ಇದ್ದಾನ" ಅಂದರು. ಆ ಆರು ಪರ್ಸೆಂಟನ್ನು ಇಲ್ಲೇ ಬಿಡಿಸಿ ನೋಡೋಣ. ಫಂಡ್ ಯಾವುದು ಅಂತ ಹೇಳುವುದಿಲ್ಲ, ಅಂಕಿಗಳನ್ನೂ ಲೆಕ್ಕಕ್ಕೆ ಸುಲಭ ಆಗುವಂತೆ ದುಂಡಾಗಿಸಿದ್ದೇನೆ.

ಮೊದಲ ಕಡಿತ ತೀರಾ ಸರಳ. ಟಿವಿಯಲ್ಲಿ ಓಡುವ ನಿಫ್ಟಿಯಲ್ಲಿ ಕಂಪನಿಗಳು ಕೊಡುವ ಡಿವಿಡೆಂಡ್ ಸೇರಿರುವುದಿಲ್ಲ. ಫಂಡಿನ ಒಂದು ಯೂನಿಟ್ಟಿನ ಬೆಲೆ, ಅಂದರೆ ಎನ್‌ಎವಿಯಲ್ಲಿ ಸೇರಿರುತ್ತದೆ. ಡಿವಿಡೆಂಡ್ ಸೇರಿಸಿದ ಇಂಡೆಕ್ಸಿಗೆ ಟಿಆರ್‌ಐ ಅಂತಾರೆ. 2018ರ ಫೆಬ್ರವರಿಯಿಂದ ಫಂಡುಗಳು ಅದರ ಜೊತೆಗೇ ಹೋಲಿಸಿ ತೋರಿಸಬೇಕು ಅಂತ ಷೇರುಪೇಟೆ ನಿಯಂತ್ರಕ ಸೆಬಿ ಕಡ್ಡಾಯ ಮಾಡಿದೆ. ಆದರೂ ಮಾತಿನಲ್ಲಿ ಹಳೇ ಹೋಲಿಕೆ ನಡೆದೇ ಇದೆ. ನಮ್ಮ ಲೆಕ್ಕದಲ್ಲಿ ನಿಫ್ಟಿ ಟಿಆರ್‌ಐ 15 ಕೊಟ್ಟಿತ್ತು. ಆರೂಕಾಲು ಇದ್ದದ್ದು ಐದಕ್ಕೆ ಇಳಿಯಿತು.

ಈಗ ಬೀಟಾ. ರಾಯಚೂರು ಮಾರುಕಟ್ಟೆಯಲ್ಲಿ ಹತ್ತಿ ರೇಟು ಏರಿದ ವರ್ಷ ಸ್ಟಾಕ್ ಇಟ್ಟವರೆಲ್ಲ ದುಡ್ಡು ಮಾಡುತ್ತಾರೆ. ಎಲ್ಲರಿಗಿಂತ ಜಾಸ್ತಿ ಸ್ಟಾಕ್ ಇಟ್ಟವನು ಎಲ್ಲರಿಗಿಂತ ಜಾಸ್ತಿ ಮಾಡುತ್ತಾನೆ. ಅವನಿಗೆ ಹತ್ತಿ ಗೊತ್ತು ಅಂತ ಅಷ್ಟರಿಂದಲೇ ಹೇಳೋಕಾಗಲ್ಲ, ಅಲ್ವಾ? ರೇಟು ಬಿದ್ದ ವರ್ಷ ಎಲ್ಲರಿಗಿಂತ ಜಾಸ್ತಿ ಕಳೆದುಕೊಳ್ಳುವವನೂ ಅವನೇ. ಮಾರುಕಟ್ಟೆ ಒಂದು ಪರ್ಸೆಂಟ್ ಆಡಿದರೆ ಫಂಡ್ ಸರಾಸರಿ ಎಷ್ಟು ಆಡುತ್ತದೆ ಅನ್ನುವುದೇ ಬೀಟಾ. ಈ ಫಂಡಿನ ಬೀಟಾ 1.3 ಇತ್ತು. ನಮ್ಮ ದೇಶದಲ್ಲಿ ಮ್ಯೂಚುವಲ್ ಫಂಡ್ ಸಾಲ ಮಾಡಿ ಷೇರು ಕೊಳ್ಳುವ ಹಾಗಿಲ್ಲ. ಹಾಗಾದರೆ ಒಂದಕ್ಕಿಂತ ಜಾಸ್ತಿ ಬೀಟಾ ಎಲ್ಲಿಂದ ಬಂತು? ಬ್ಯಾಂಕ್, ಮೆಟಲ್, ರಿಯಲ್ ಎಸ್ಟೇಟ್, ಮಧ್ಯಮ ಗಾತ್ರದ ಕಂಪನಿಗಳು ಅಂದರೆ ಮಿಡ್‌ಕ್ಯಾಪ್ ತರಹದ ಜೋರಾಗಿ ಆಡುವ ಷೇರುಗಳನ್ನು ತುಂಬಿಕೊಂಡಿದ್ದರಿಂದ.

ಲೆಕ್ಕ ಹೀಗೆ. ಏನೂ ರಿಸ್ಕ್ ಇಲ್ಲದೆ ಸರ್ಕಾರದ 91 ದಿನದ ಟ್ರೆಜರಿ ಬಿಲ್ಲಿನಲ್ಲಿ 6.5 ಪರ್ಸೆಂಟ್ ಸಿಗುತ್ತಿತ್ತು ಅಂದುಕೊಳ್ಳಿ. ಮಾರುಕಟ್ಟೆ 15 ಕೊಟ್ಟಿದೆ. ಅಂದರೆ ರಿಸ್ಕ್ ತಗೊಂಡಿದ್ದಕ್ಕೆ ಸಿಕ್ಕಿದ್ದು 8.5. ಫಂಡ್ ಅದರ 1.3 ಪಟ್ಟು ರಿಸ್ಕ್ ತಗೊಂಡಿದೆ. 8.5ನ್ನು 1.3ರಿಂದ ಗುಣಿಸಿದರೆ 11.05. ಅದಕ್ಕೆ 6.5 ಸೇರಿಸಿದರೆ 17.55. ಇಷ್ಟು ಬರೀ ಮಾರುಕಟ್ಟೆಯಿಂದಲೇ ಬರಬೇಕಿತ್ತು. 20ರಲ್ಲಿ ಇದನ್ನು ಕಳೆದರೆ ಉಳಿಯುವ 2.45 ಪರ್ಸೆಂಟೇ ಆಲ್ಫಾ. ಫಂಡುಗಳಿಗೆ ಈ ಅಳತೆ ಮೊದಲು ಹಾಕಿದವರು ಮೈಕೆಲ್ ಜೆನ್ಸೆನ್. 1968ರಲ್ಲಿ ಅವರು ಅಮೆರಿಕದ 115 ಫಂಡುಗಳನ್ನು ಹೀಗೆ ತೂಗಿ ನೋಡಿದರು. ಖರ್ಚು ಕಳೆದ ಮೇಲೆ ಸರಾಸರಿ ಆಲ್ಫಾ ಸೊನ್ನೆಗಿಂತ ಕೆಳಗೇ ಇತ್ತು.

ನೀವೇ ಮಾಡಿ ನೋಡಬೇಕಾದರೆ ಫಂಡಿನ ತಿಂಗಳ ಕೊನೆಯ ಎನ್‌ಎವಿ ಮತ್ತು ಟಿಆರ್‌ಐ 37 ತಿಂಗಳದ್ದು ತೆಗೆದುಕೊಳ್ಳಿ. ಎರಡೂ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಅದರಿಂದ 36 ತಿಂಗಳ ಏರಿಳಿತ ಬರುತ್ತದೆ. ಪ್ರತಿ ತಿಂಗಳ ಅಂಕಿಯಿಂದ ಆ ತಿಂಗಳ ಟ್ರೆಜರಿ ಬಿಲ್ ಬಡ್ಡಿ ಕಳೆಯಿರಿ. ಬಡ್ಡಿ ವರ್ಷದ ಲೆಕ್ಕದಲ್ಲಿರುತ್ತದೆ, 12ರಿಂದ ಭಾಗಿಸುವುದನ್ನು ಮರೀಬೇಡಿ. ಎಕ್ಸೆಲ್ ಶೀಟಿನ ಬಿ ಕಾಲಮಿನಲ್ಲಿ ಫಂಡ್, ಸಿ ಕಾಲಮಿನಲ್ಲಿ ಇಂಡೆಕ್ಸ್ ಇಟ್ಟರೆ ಮೂರು ಸಾಲು ಸಾಕು:

```
=SLOPE(B2:B37,C2:C37)
=INTERCEPT(B2:B37,C2:C37)
=INDEX(LINEST(B2:B37,C2:C37,TRUE,TRUE),2,2)
```

ಮೊದಲನೆಯದು ಬೀಟಾ. ಎರಡನೆಯದು ಒಂದು ತಿಂಗಳ ಆಲ್ಫಾ, ಅದನ್ನು 12ರಿಂದ ಗುಣಿಸಿ. ಮೂರನೆಯದಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಗಿರಣಿಯವರ ಫಂಡಿಗೆ ಇನ್ನೂ ಒಂದು ಪ್ರಶ್ನೆ ಬಾಕಿ ಇತ್ತು. ಅದರಲ್ಲಿ ಏನೇನು ಷೇರು ಇದೆ ಅಂತ ಪಟ್ಟಿ ತೆಗೆದು ನೋಡಿದರೆ ಮಿಡ್‌ಕ್ಯಾಪ್ ಕಂಪನಿಗಳೇ ಬಹಳ. ಅಂಥ ಫಂಡನ್ನು ದೊಡ್ಡ ಐವತ್ತು ಕಂಪನಿಗಳ ನಿಫ್ಟಿ ಜೊತೆ ಮಾತ್ರ ನಿಲ್ಲಿಸಿ ಅಳೆದರೆ ತಪ್ಪು ಉತ್ತರ ಬರುತ್ತದೆ. ಆ ಮೂರು ವರ್ಷ ಮಿಡ್‌ಕ್ಯಾಪ್ ಇಂಡೆಕ್ಸೇ 22 ಪರ್ಸೆಂಟ್ ಕೊಟ್ಟಿತ್ತು. ಅದನ್ನು ಹಿಡಿದಿದ್ದ ಯಾರಿಗಾದರೂ ಆ ಲಾಭ ಸಿಗುತ್ತಿತ್ತು. ಎರಡೂ ಇಂಡೆಕ್ಸ್ ಒಟ್ಟಿಗೆ ಇಟ್ಟು ಲೆಕ್ಕ ಹಾಕಿದಾಗ ನಿಫ್ಟಿ ಕಡೆ ಬೀಟಾ 0.6, ಮಿಡ್‌ಕ್ಯಾಪ್ ಕಡೆ 0.5 ಬಂತು. ನಿಫ್ಟಿಯ 8.5ನ್ನು 0.6ರಿಂದ ಗುಣಿಸಿದರೆ 5.1, ಮಿಡ್‌ಕ್ಯಾಪ್‌ನ 22ರಲ್ಲಿ 6.5 ಕಳೆದು ಉಳಿದ 15.5ರಲ್ಲಿ ಅರ್ಧ 7.75, ಬಡ್ಡಿ 6.5. ಕೂಡಿದರೆ 19.35. ಉಳಿದ ಆಲ್ಫಾ 0.65. ಆರೂಕಾಲು ಅಂತ ಶುರುವಾದದ್ದು ಮುಕ್ಕಾಲಕ್ಕೂ ಕಡಿಮೆ ಆಯಿತು.

ಮ್ಯಾನೇಜರ್ ಪರವಾಗಿ ಎರಡು ಮಾತು ಹೇಳಲೇಬೇಕು. ಎನ್‌ಎವಿ ಅಂದರೆ ಫಂಡಿನ ಖರ್ಚೆಲ್ಲ ಕಳೆದ ಮೇಲಿನ ಅಂಕಿ, ಇಂಡೆಕ್ಸಿಗೆ ಯಾವ ಖರ್ಚೂ ಇಲ್ಲ. ಮತ್ತೆ 0.6, 0.5 ಕೂಡಿದರೆ 1.1 ಆಗುತ್ತದೆ. ಅಷ್ಟನ್ನು ನೀವು ಎರಡು ಇಂಡೆಕ್ಸ್ ಫಂಡ್ ಕೊಂಡು ಕೂಡಿಸಬೇಕಾದರೆ ಹತ್ತು ಪರ್ಸೆಂಟ್ ಸಾಲ ಬೇಕು. ಹಾಗಾಗಿ 0.65 ಅಂದರೆ ಸೋತ ಅಂತಲ್ಲ.

ಆದರೆ ಗೆದ್ದ ಅಂತಲೂ ಅಲ್ಲ. ಮೂರನೇ ಸಾಲು ಹೇಳುವುದು ಇದನ್ನೇ: ಆಲ್ಫಾ ಅಂಕಿ ಎಷ್ಟು ಅಲುಗಾಡುತ್ತದೆ ಅಂತ. ಇಂಡೆಕ್ಸ್ ಕಾರಣ ಅಲ್ಲದ ಏರಿಳಿತ ಈ ಫಂಡಿನಲ್ಲಿ ತಿಂಗಳಿಗೆ ಸುಮಾರು 1.5 ಪರ್ಸೆಂಟ್ ಇತ್ತು. 36 ತಿಂಗಳ ಸರಾಸರಿಯಾದ್ದರಿಂದ 36ರ ವರ್ಗಮೂಲ 6ರಿಂದ ಭಾಗಿಸಿದರೆ 0.25. ವರ್ಷಕ್ಕೆ 3 ಪರ್ಸೆಂಟ್. ಇದರ ಎರಡು ಪಟ್ಟು ಆಚೆ ಈಚೆ ಬಿಡುವುದು ವಾಡಿಕೆ. ಅಂದರೆ ನಿಜವಾದ ಆಲ್ಫಾ ಮೈನಸ್ 5ರಿಂದ ಪ್ಲಸ್ 7ರ ಆಸುಪಾಸಿನಲ್ಲಿ ಎಲ್ಲಿ ಬೇಕಾದರೂ ಇರಬಹುದು. ಮ್ಯಾನೇಜರ್‌ಗೆ ನಿಜಕ್ಕೂ ವರ್ಷಕ್ಕೆ 3 ಪರ್ಸೆಂಟ್ ಜಾಸ್ತಿ ಗಳಿಸುವ ಚಾಣಾಕ್ಷತನ ಇದೆ ಅಂತಲೇ ಇಟ್ಟುಕೊಳ್ಳಿ. ಅದು ಅದೃಷ್ಟ ಅಲ್ಲ ಅಂತ ಈ ಲೆಕ್ಕದಲ್ಲಿ ಖಾತ್ರಿ ಆಗೋಕೆ 144 ತಿಂಗಳು ಬೇಕು. ಹನ್ನೆರಡು ವರ್ಷ! ಅಷ್ಟರಲ್ಲಿ ಆತ ಆ ಕಂಪನಿ ಬಿಟ್ಟು ಬೇರೆ ಕಡೆ ಸೇರಿರುವುದೇ ಹೆಚ್ಚು.

ಅದಕ್ಕೇ ನಾನು ಗಿರಾಕಿಗಳ ಜೊತೆ ಆಲ್ಫಾ ಬಗ್ಗೆ ಜಾಸ್ತಿ ವಾದ ಮಾಡುವುದಿಲ್ಲ. ಬೀಟಾ ಅಷ್ಟು ಅಲುಗಾಡುವ ಅಂಕಿ ಅಲ್ಲ, 36 ತಿಂಗಳಲ್ಲೇ ಸುಮಾರಾಗಿ ಗೊತ್ತಾಗಿಬಿಡುತ್ತದೆ. ಜೇಬಿಗೆ ತಟ್ಟುವುದೂ ಅದೇ. 2020ರ ಜನವರಿಯಿಂದ ಮಾರ್ಚ್ ಒಳಗೆ ನಿಫ್ಟಿ ಸುಮಾರು 38 ಪರ್ಸೆಂಟ್ ಬಿತ್ತು. 1.3 ಬೀಟಾ ಇರುವ ಫಂಡ್ ಅಂಥ ಕಡೆ ಹತ್ತಿರ ಹತ್ತಿರ ಅರ್ಧ ಕರಗುತ್ತದೆ. ಗಿರಣಿಯವರನ್ನು ಕೇಳಿದೆ, ಈ ಫಂಡಿನಲ್ಲಿರುವ ದುಡ್ಡು ಯಾವುದಕ್ಕೆ ಅಂತ. ಒಂದಿಷ್ಟು ಮಗಳ ಓದಿಗೆ, ಅದಕ್ಕಿನ್ನೂ ಹತ್ತು ವರ್ಷ ಇದೆ. ಉಳಿದದ್ದು ನವೆಂಬರ್, ಡಿಸೆಂಬರ್‌ನಲ್ಲಿ ಭತ್ತ ಕೊಳ್ಳುವ ದುಡ್ಡು, ಸುಮ್ನೆ ಬಿದ್ದಿರುತ್ತೆ ಅಂತ ಇಲ್ಲಿ ಹಾಕಿದ್ದರು. ಮಗಳ ಭಾಗ ಅಲ್ಲೇ ಇರಲಿ ಅಂದೆ. ಭತ್ತದ ದುಡ್ಡು ಆ ವಾರವೇ ಅಷ್ಟಾಗಿ ಏರಿಳಿಯದ ಲಿಕ್ವಿಡ್ ಫಂಡಿಗೆ ಹೋಯಿತು.