ಹೆಸರು ಒಂದೇ, ಒಳಗಿನ ಚಿಪ್ ಬೇರೆ

ದುರಸ್ತಿಗೆಂದಲ್ಲ, ಅನುಮಾನ ಬಂದು ಒಬ್ಬರು ತಮ್ಮ ಹೊಸ ಗ್ಯಾಲಕ್ಸಿ ಎಸ್22 ಅನ್ನು ನನ್ನ ಮೇಜಿನ ಮೇಲೆ ಇಟ್ಟರು. ಮಾರಿದವರ ವಿವರದಲ್ಲಿ ಚಿಪ್ ಸ್ನ್ಯಾಪ್‌ಡ್ರ್ಯಾಗನ್ 8 ಜೆನ್ 1 ಎಂದಿತ್ತು. ಒಳಗಿದ್ದದ್ದು ಎಕ್ಸಿನೋಸ್ 2200. ಫೋನು ಮಾತ್ರ ಅಪ್ಪಟ ಅಸಲಿ. 2022ರಲ್ಲಿ ಸ್ಯಾಮ್‌ಸಂಗ್ ಇದೇ ಫೋನನ್ನು ಯುರೋಪಿಗೆ ಎಕ್ಸಿನೋಸ್ ಹಾಕಿ, ಅಮೆರಿಕ, ಭಾರತ, ಕೊರಿಯಾಗಳಿಗೆ ಸ್ನ್ಯಾಪ್‌ಡ್ರ್ಯಾಗನ್ ಹಾಕಿ ಕಳುಹಿಸಿತ್ತು.

ವ್ಯತ್ಯಾಸ ತಿಳಿಯುವುದು ಪೆಟ್ಟಿಗೆಯ ಲೇಬಲ್ಲಿನ ಮಾಡೆಲ್ ಸಂಖ್ಯೆಯಿಂದ. ಅವರ ಪೆಟ್ಟಿಗೆಯ ಮೇಲೆ `SM-S901B/DS` ಎಂದಿತ್ತು. ಕೊನೆಯ `DS` ಎಂದರೆ ಎರಡು ಸಿಮ್, ಅಷ್ಟೇ. ನೋಡಬೇಕಾದದ್ದು ಅಂಕಿಗಳ ಹಿಂದೆಯೇ ಇರುವ `B`. ಭಾರತಕ್ಕೆ ಬಂದ ಎಸ್22 `SM-S901E`.

ಹಾಗಾದರೆ B ಎಂದರೆ ಎಕ್ಸಿನೋಸ್, E ಎಂದರೆ ಸ್ನ್ಯಾಪ್‌ಡ್ರ್ಯಾಗನ್ ಎಂದು ಬರೆದಿಟ್ಟುಕೊಂಡರೆ ಮೋಸ ಹೋಗುತ್ತೀರಿ. ಅದಕ್ಕೆ ಸ್ವಲ್ಪ ಮೊದಲು ಬಂದ ಎಸ್21 ಎಫ್‌ಇಯಲ್ಲಿ `SM-G990B` ಸ್ನ್ಯಾಪ್‌ಡ್ರ್ಯಾಗನ್ 888, `SM-G990E` ಎಕ್ಸಿನೋಸ್ 2100, ಪೂರ್ತಿ ತಿರುಗುಮುರುಗು. ಮರುವರ್ಷದ ಎಸ್23ರಲ್ಲಿ B ಇದ್ದರೂ ಸ್ನ್ಯಾಪ್‌ಡ್ರ್ಯಾಗನ್ನೇ. ಅಕ್ಷರ ಹೇಳುವುದು ಫೋನು ಯಾವ ಮಾರುಕಟ್ಟೆಯದು ಎಂಬುದನ್ನು, ಚಿಪ್ ಯಾವುದು ಎಂಬುದನ್ನಲ್ಲ. ಆದ್ದರಿಂದ ಹಣ ಕೊಡುವ ಮೊದಲೇ ಲೇಬಲ್ಲಿನ ಚಿತ್ರ ತರಿಸಿಕೊಂಡು, ಆ ಸಂಖ್ಯೆಯನ್ನು ಇಡಿಯಾಗಿ ಹುಡುಕಿ ನೋಡಬೇಕು. ಇನ್ನೊಂದು ಗೊಂದಲವೂ ಉಂಟು: ಸ್ನ್ಯಾಪ್‌ಡ್ರ್ಯಾಗನ್ 8 ಜೆನ್ 1ರ ಸಂಖ್ಯೆ `SM8450`. `SM` ಕಂಡೊಡನೆ ಅದನ್ನು ಫೋನಿನ ಮಾಡೆಲ್ ಎಂದುಕೊಳ್ಳಬೇಡಿ.

ಫೋನು ಕೈಗೆ ಬಂದ ಮೇಲೆ ಸೆಟ್ಟಿಂಗ್ಸ್‌ನ `About phone` ಪುಟದ ಸಂಖ್ಯೆ ಪೆಟ್ಟಿಗೆಯೊಂದಿಗೆ ತಾಳೆಯಾಗುತ್ತದೆಯೇ ನೋಡಿ. ಯಾರೋ ಬಳಸಿದ ಫೋನಾದರೆ ಇದೊಂದನ್ನೇ ನಂಬಲಾಗದು. ತಂತ್ರಾಂಶ ಬದಲಿಸಿ ಆ ಪುಟದ ಸಂಖ್ಯೆಯನ್ನೂ ತಿದ್ದಬಹುದು. ನಾನು ಸಿಪಿಯು-ಝಡ್ ಆ್ಯಪ್ ಹಾಕಿ ಗ್ರಾಫಿಕ್ಸ್ ಭಾಗದ ಹೆಸರನ್ನು ಓದುತ್ತೇನೆ. ಎಸ್22ರಲ್ಲಿ `Adreno 730` ಕಂಡರೆ ಸ್ನ್ಯಾಪ್‌ಡ್ರ್ಯಾಗನ್, `Xclipse 920` ಕಂಡರೆ ಎಕ್ಸಿನೋಸ್. ಈ ಹೆಸರು ಚಿಪ್ಪಿನ ಚಾಲಕ ತಂತ್ರಾಂಶದಿಂದಲೇ ಬರುವುದರಿಂದ ಮರೆಮಾಚುವುದು ಅಷ್ಟು ಸುಲಭವಲ್ಲ. ಫೋನಿನಲ್ಲಿ ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಿ, adb ಇರುವ ಕಂಪ್ಯೂಟರಿಗೆ ಜೋಡಿಸಿಯೂ ಕೇಳಬಹುದು:

```
adb shell getprop ro.soc.model
```

ಆಂಡ್ರಾಯ್ಡ್ 12 ಅಥವಾ ನಂತರದ ಆವೃತ್ತಿಯಿದ್ದರೆ ಚಿಪ್ಪಿನ ಸಂಖ್ಯೆಯೇ ಉತ್ತರವಾಗಿ ಬರುತ್ತದೆ. ಆ ಎಸ್22 ಕೊಟ್ಟ ಉತ್ತರ `s5e9925`, ಅಂದರೆ ಎಕ್ಸಿನೋಸ್ 2200.

ಬೇರೆ ದೇಶದ ತಂತ್ರಾಂಶ ತುಂಬಿದರೆ ಸರಿಹೋದೀತೇ ಎಂದು ಅವರು ಆಸೆಯಿಂದ ಕೇಳಿದರು. ಆಗದು. ಎರಡು ಚಿಪ್‌ಗಳ ತಂತ್ರಾಂಶವೇ ಬೇರೆ ಬೇರೆ. ಒಂದರದ್ದು ಇನ್ನೊಂದರಲ್ಲಿ ಓಡುವುದಿಲ್ಲ. ಲೇಬಲ್ಲಿನ ಚಿತ್ರ, ಸಿಪಿಯು-ಝಡ್ ಪರದೆಯ ಚಿತ್ರ ಮತ್ತು ಮಾರಾಟದ ವಿವರ, ಮೂರನ್ನೂ ಒಟ್ಟಿಗೆ ಕಳುಹಿಸಿ ಫೋನು ಹಿಂತಿರುಗಿಸಲು ಹೇಳಿದೆ.